ಚೌಕದೊಳಗೆ ವೃತ್ತ, ವೃತ್ತದೊಳಗೆ ಚೌಕ: ಉತ್ತರ 2 ಹೇಗೆ ಬಂತು?

ಪ್ರಶ್ನೆ: ನಮಸ್ಕಾರ ಸರ್. ನಾವು ಸಿಂಧನೂರಿನವರು. ಮಗಳು ಎಂಟನೇ ಕ್ಲಾಸು. ಅವಳ ಕ್ವಿಜ್‌ನಲ್ಲಿ ಒಂದು ಚಿತ್ರ ಕೊಟ್ಟಿದ್ದರು. ದೊಡ್ಡ ಚೌಕ, ಅದರೊಳಗೆ ನಾಲ್ಕೂ ಬದಿ ಮುಟ್ಟುವ ವೃತ್ತ, ಆ ವೃತ್ತದೊಳಗೆ ನಾಲ್ಕೂ ಮೂಲೆ ವೃತ್ತವನ್ನು ಮುಟ್ಟುವ ಚಿಕ್ಕ ಚೌಕ. ಹೊರಗಿನ ಚೌಕದ ವಿಸ್ತೀರ್ಣ ಒಳಗಿನ ಚೌಕದ ಎಷ್ಟು ಪಟ್ಟು? ಆಯ್ಕೆಗಳು √2, π/2, 2, 4. ಅಳತೆ ಒಂದೂ ಕೊಟ್ಟಿಲ್ಲ. ಮಗಳು 4 ಅಂತ ಬರೆದಳು. ನಾನು √2 ಇರಬೇಕು ಅಂದೆ. ಸರಿ ಉತ್ತರ 2 ಅಂತೆ. ನಡುವೆ ವೃತ್ತ ಇದ್ದರೂ π ಎಲ್ಲಿ ಹೋಯಿತು? ಅವಳಿಗೆ ತಿಳಿಯುವ ಹಾಗೆ ಹೇಳ್ತೀರಾ?

ಉತ್ತರ: ಉತ್ತರ 2 ಅನ್ನುವುದು ಸರಿಯೇ. ಆದರೆ ಈ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಉಳಿದ ಮೂರು ಆಯ್ಕೆಗಳು. ಅವು ಯಾವುವೂ ಸುಮ್ನೆ ಹಾಕಿದ ಅಂಕಿಗಳಲ್ಲ. ಮೂರೂ ಇದೇ ಚಿತ್ರದಿಂದ ಹುಟ್ಟಿದವು. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸರಿಯಾದ ಉತ್ತರಗಳು. ನಿಮ್ಮ √2 ಕೂಡ ಹಾಗೇ, ಮಗಳ 4 ಕೂಡ ಹಾಗೇ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಅಳತೆಯ ವಿಷಯ. ಅಳತೆ ಕೊಟ್ಟಿಲ್ಲ ಅಂದರೆ ನಮಗೆ ಬೇಕಾದ ಅಳತೆ ಹಿಡಿಯಬಹುದು ಅಂತಲೇ ಅರ್ಥ. ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಚೌಕ, ವೃತ್ತ, ಒಳಚೌಕ ಮೂರರ ವಿಸ್ತೀರ್ಣವೂ ನಾಲ್ಕು ಪಟ್ಟಾಗುತ್ತದೆ. ಮೂರೂ ಒಂದೇ ಲೆಕ್ಕದಲ್ಲಿ ಬೆಳೆಯುವುದರಿಂದ ಅವುಗಳ ನಡುವಿನ ಅನುಪಾತ ಅಲುಗಾಡುವುದಿಲ್ಲ. ಹಾಗಾಗಿ ಲೆಕ್ಕ ಹಗುರಾಗುವ ಅಳತೆಯನ್ನೇ ಆರಿಸಿಕೊಳ್ಳಬೇಕು. ಇಲ್ಲಿ ಅದು ಹೊರಚೌಕದ ಬದಿ 2. ಮಕ್ಕಳು 1 ಅಂತ ಹಿಡಿಯಲು ಹೋಗುತ್ತಾರೆ. ಆಗ ತ್ರಿಜ್ಯ ಅರ್ಧವಾಗಿ ಭಿನ್ನರಾಶಿಗಳು ಶುರುವಾಗುತ್ತವೆ. ಬದಿ 2 ಹಿಡಿದರೆ ತ್ರಿಜ್ಯ 1, ಮುಂದಿನ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ.

ನಮ್ಮ ರಾಯಚೂರು ಕಡೆಯ ಎಷ್ಟೋ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಕಲ್ಲನ್ನು ಮಗಳಿಗೆ ತೋರಿಸಿ. ಮನೆಯಲ್ಲಿ ಅಂಥದ್ದಿಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಅಳತೆಯ ಚೌಕ ಬರೆಯಿರಿ. ಎದುರುಬದುರು ಮೂಲೆಗಳನ್ನು ಎರಡು ಗೆರೆಗಳಿಂದ ಸೇರಿಸಿದರೆ ಅವು ಕೂಡುವ ಜಾಗವೇ ನಡು. ಅಲ್ಲಿ ದಾರದ ಒಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಒಂದು ಅಡಿ ದೂರದಲ್ಲಿ ಸೀಮೆಸುಣ್ಣ ಕಟ್ಟಿ ಸುತ್ತಿಸಿ. ವೃತ್ತ ಪ್ರತಿಯೊಂದು ಬದಿಯನ್ನೂ ಸರಿಯಾಗಿ ಅದರ ನಡುವಿನಲ್ಲಿ ಮುಟ್ಟುತ್ತದೆ. ಈ ನಾಲ್ಕು ಮುಟ್ಟುವ ಜಾಗಗಳಿಗೆ ಚುಕ್ಕೆ ಇಡಿ. ಮುಂದೆ ಬೇಕಾಗುತ್ತವೆ.

ಹೊರಚೌಕ 2 × 2, ಅಂದರೆ 4 ಚದರ ಅಡಿ. ವೃತ್ತದ ತ್ರಿಜ್ಯ 1 ಅಡಿ, ವಿಸ್ತೀರ್ಣ π × 1 × 1, ಅಂದರೆ π ಚದರ ಅಡಿ, ಸುಮಾರು 3.14. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಒಳಚೌಕದಲ್ಲಿ.

ಹೊರಚೌಕಕ್ಕೂ ವೃತ್ತಕ್ಕೂ ಇರುವ ಸಂಬಂಧ ಬದಿಯದು: ವೃತ್ತದ ವ್ಯಾಸ ಎಷ್ಟೋ ಚೌಕದ ಬದಿ ಅಷ್ಟೇ. ಒಳಚೌಕಕ್ಕೂ ವೃತ್ತಕ್ಕೂ ಇರುವ ಸಂಬಂಧ ಬದಿಯದಲ್ಲ, ಕರ್ಣದ್ದು. ಒಳಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆದರೆ ಅದು ವೃತ್ತದ ನಡುವಿನಿಂದಲೇ ಹಾದು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಅದು ವೃತ್ತದ ವ್ಯಾಸವೇ, 2 ಅಡಿ. ಒಂದೇ ಎರಡು ಅಡಿ ಹೊರಚೌಕಕ್ಕೆ ಬದಿಯಾಗಿ ನಿಂತಿದೆ, ಒಳಚೌಕಕ್ಕೆ ಕರ್ಣವಾಗಿ ನಿಂತಿದೆ. ಇಡೀ ಪ್ರಶ್ನೆ ಇರುವುದು ಇಷ್ಟರಲ್ಲೇ.

ಈಗ ಒಳಚೌಕದ ಎರಡೂ ಕರ್ಣ ಎಳೆಯಿರಿ. ಚೌಕ ನಾಲ್ಕು ತ್ರಿಕೋನಗಳಾಗಿ ಒಡೆಯುತ್ತದೆ. ಕರ್ಣಗಳು ನಡುವಿನಲ್ಲಿ ಒಂದನ್ನೊಂದು ಲಂಬವಾಗಿ ದಾಟುವುದರಿಂದ ಪ್ರತಿ ತ್ರಿಕೋನಕ್ಕೂ ಒಂದು ಲಂಬಕೋನ ಇದೆ. ಲಂಬಕೋನದ ಎರಡು ಕಡೆಯ ಬಾಹುಗಳೂ ತ್ರಿಜ್ಯಗಳೇ, ಒಂದೊಂದು ಅಡಿ. ಅಂಥ ತ್ರಿಕೋನದ ವಿಸ್ತೀರ್ಣ ½ × 1 × 1, ಅರ್ಧ ಚದರ ಅಡಿ. ನಾಲ್ಕು ಅರ್ಧ ಸೇರಿದರೆ 2 ಚದರ ಅಡಿ. ಪೈಥಾಗೊರಸ್ ಬೇಡ, ವರ್ಗಮೂಲ ಬೇಡ, ಬದಿ ಎಷ್ಟು ಅಂತ ತಿಳಿಯುವುದೂ ಬೇಡ. ಹೊರಗಡೆ 4, ಒಳಗಡೆ 2. ಎರಡು ಪಟ್ಟು.

ಮೂರನ್ನೂ ಸೇರಿಸಿ ಬರೆದರೆ ಹೊರಚೌಕ : ವೃತ್ತ : ಒಳಚೌಕ = 4 : π : 2. ನಿಮ್ಮ π ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೊರಚೌಕ ವೃತ್ತದ 4/π ಪಟ್ಟು, ಸುಮಾರು 1.27. ವೃತ್ತ ಒಳಚೌಕದ π/2 ಪಟ್ಟು, ಸುಮಾರು 1.57. ಹೊರಚೌಕದಿಂದ ಒಳಚೌಕಕ್ಕೆ ಹೋಗಬೇಕಾದರೆ ಈ ಎರಡನ್ನೂ ಗುಣಿಸಬೇಕು. ಆಗ ಮೇಲಿನ π, ಕೆಳಗಿನ π ಹೊಡೆದುಹೋಗಿ 4/2 ಉಳಿಯುತ್ತದೆ. ಎರಡು ಚೌಕಗಳಿಗೆ ಎಷ್ಟೆಷ್ಟು ಅಳತೆ ಅಂತ ಹೇಳುವುದಷ್ಟೇ ಇಲ್ಲಿ ವೃತ್ತದ ಕೆಲಸ. ಎರಡೂ ಚೌಕ ಬರೆದಾದ ಮೇಲೆ ವೃತ್ತವನ್ನು ಅಳಿಸಿಹಾಕಿದರೂ ಉತ್ತರ ಬದಲಾಗುವುದಿಲ್ಲ.

ಲೆಕ್ಕ ಒಪ್ಪಿದರೂ ಕಣ್ಣು ಒಪ್ಪುವುದಿಲ್ಲ, ಅಲ್ವಾ? ಚಿತ್ರ ನೋಡಿದರೆ ಒಳಚೌಕ ಅರ್ಧ ಅನ್ನಿಸುವುದಿಲ್ಲ. ಅದಕ್ಕೆ ಒಂದು ಕಾಗದ ತೆಗೆದುಕೊಳ್ಳಿ. ನೋಟ್‌ಬುಕ್ ಹಾಳೆ ಚೌಕವಲ್ಲ, ಆದ್ದರಿಂದ ಒಂದು ಮೂಲೆಯನ್ನು ಎದುರು ಅಂಚಿಗೆ ಮಡಚಿ, ಮಿಕ್ಕಿದ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಈಗ ಸಿಕ್ಕ ಚೌಕವೇ ಹೊರಚೌಕ. ನಡುವಿನ ಜಾಗ ಗುರುತು ಮಾಡಿ, ನಾಲ್ಕೂ ಮೂಲೆಗಳನ್ನು ಅಲ್ಲಿಗೆ ತಂದು ಮಡಚಿ. ನಾಲ್ಕು ತುದಿಗಳೂ ಒಂದೇ ಕಡೆ ಬಂದು ಕೂಡುತ್ತವೆ. ನಡುವೆ ಸಂದು ಉಳಿಯುವುದಿಲ್ಲ, ಒಂದರ ಮೇಲೊಂದು ಏರುವುದೂ ಇಲ್ಲ. ಸಂದು ಬಿಟ್ಟರೆ ಅಥವಾ ಏರಿದರೆ ಕಾಗದ ಸರಿಯಾದ ಚೌಕವಾಗಿರಲಿಲ್ಲ ಅಂತ ತಿಳಿಯಿರಿ, ಮತ್ತೆ ಕತ್ತರಿಸಿ ನೋಡಿ.

ಈಗ ಕೈಯಲ್ಲಿ ಚಿಕ್ಕ ಚೌಕ ಇದೆ. ಅದರ ಎಲ್ಲ ಕಡೆಯೂ ಸರಿಯಾಗಿ ಎರಡು ಪದರ. ಅಂದರೆ ಅದು ದೊಡ್ಡ ಕಾಗದದ ಅರ್ಧ. ಇಲ್ಲಿ ಬಹಳ ಮಂದಿ ನಿಲ್ಲಿಸಿಬಿಡುತ್ತಾರೆ. ಆದರೆ ಮಡಚಿ ಬಂದ ಚೌಕವೇ ವೃತ್ತದೊಳಗಿನ ಚೌಕ ಅಂತ ಇನ್ನೂ ತೋರಿಸಿಲ್ಲ. ಅದಕ್ಕೆ ನಾವು ಇಟ್ಟ ನಾಲ್ಕು ಚುಕ್ಕೆಗಳು ಬೇಕು. ಮಡಚಿದ ಚೌಕದ ಮೂಲೆಗಳು ಇರುವುದು ದೊಡ್ಡ ಕಾಗದದ ಬದಿಗಳ ನಡುವಿನಲ್ಲಿ. ವೃತ್ತ ಬದಿಗಳನ್ನು ಮುಟ್ಟುವುದೂ ಅಲ್ಲೇ. ಹಾಗಾಗಿ ಈ ಚೌಕದ ನಾಲ್ಕೂ ಮೂಲೆಗಳು ವೃತ್ತದ ಮೇಲಿವೆ. ಕ್ವಿಜ್ ಚಿತ್ರದಲ್ಲಿ ಒಳಚೌಕ ನೆಟ್ಟಗೆ ಕೂತಿದೆ, ಇಲ್ಲಿ ಮೂಲೆ ಮೇಲೆ ಮಾಡಿ ನಿಂತಿದೆ, ಅಷ್ಟೇ ವ್ಯತ್ಯಾಸ. ವೃತ್ತದೊಳಗೆ ಚೌಕವನ್ನು 45 ಡಿಗ್ರಿ ತಿರುಗಿಸಿದರೆ ಒಂದು ಇನ್ನೊಂದಾಗುತ್ತದೆ. ತಿರುಗಿಸುವುದರಿಂದ ವಿಸ್ತೀರ್ಣ ಕಡಿಮೆಯಾಗುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ. ಚಿತ್ರ ಕೊಡುವವರು ನೆಟ್ಟಗಿನ ಚೌಕ ಕೊಡುವುದರಿಂದಲೇ ಅರ್ಧ ಅನ್ನುವುದು ಕಣ್ಣಿಗೆ ಮರೆಯಾಗುತ್ತದೆ.

ಮಗಳು ಎಣಿಸಿಯೇ ನಂಬುವವಳಾದರೆ ಗ್ರಾಫ್ ಹಾಳೆ ಕೊಡಿ. 20 ಮನೆ ಉದ್ದ, 20 ಮನೆ ಅಗಲದ ಚೌಕ ಬರೆಯಲಿ, ಒಟ್ಟು 400 ಮನೆ. ಬದಿಗಳ ನಡುವಿನ ಚುಕ್ಕೆಗಳನ್ನು ಸೇರಿಸಿದರೆ ಹೊರಗೆ ನಾಲ್ಕು ಮೂಲೆ ತ್ರಿಕೋನಗಳು ಉಳಿಯುತ್ತವೆ. ಒಂದು ಮೂಲೆಯಲ್ಲಿ ಇಡೀ ಮನೆಗಳನ್ನು ಸಾಲುಸಾಲಾಗಿ ಎಣಿಸಿದರೆ 9, 8, 7 ಅಂತ ಇಳಿದು ಒಟ್ಟು 45 ಸಿಗುತ್ತವೆ. ಓರೆ ಗೆರೆ 10 ಮನೆಗಳನ್ನು ಸರಿಯಾಗಿ ಅರ್ಧ ಮಾಡಿರುತ್ತದೆ, ಅದು 5 ಮನೆಗೆ ಸಮ. ಒಂದು ಮೂಲೆಗೆ 50, ನಾಲ್ಕು ಮೂಲೆಗೆ 200. 400ರಲ್ಲಿ 200 ಹೊರಗೆ ಹೋದರೆ ಒಳಗೆ 200. ಇಲ್ಲಿ ಅಂದಾಜು ಅನ್ನುವುದೇ ಇಲ್ಲ. ಅದೇ ಹಾಳೆಯಲ್ಲಿ ವೃತ್ತ ಬರೆದು ಎಣಿಸಿದರೆ ಮಾತ್ರ ಅಂದಾಜು ಬರುತ್ತದೆ, ಯಾಕೆಂದರೆ ಅದರ ಗೆರೆ ಮನೆಗಳನ್ನು ಅರ್ಧಂಬರ್ಧ ಕತ್ತರಿಸುತ್ತದೆ. ಸರಿಯಾಗಿ ಎಣಿಸಿದರೆ 314ರ ಆಸುಪಾಸು ಬರಬೇಕು. 344 ಬಂತು ಅಂದರೆ ಗೆರೆ ಕತ್ತರಿಸಿದ ಮನೆಗಳನ್ನೆಲ್ಲ ಇಡಿಯಾಗಿ ಸೇರಿಸಿಬಿಟ್ಟಿದ್ದಾಳೆ ಅಂತ ಲೆಕ್ಕ.

ಈಗ ಆಯ್ಕೆಗಳಿಗೆ ಬರೋಣ.

ನಿಮ್ಮ √2 ಬದಿಗಳ ಅನುಪಾತ. ನೆಲದ ಮೇಲಿನ ಒಳಚೌಕದ ಬದಿಗೆ ಟೇಪು ಹಿಡಿದು ನೋಡಿ. ಹೊರಚೌಕದ ಬದಿ 24 ಇಂಚು, ಒಳಚೌಕದ್ದು 17 ಇಂಚಿಗೆ ಕೂದಲೆಳೆಯಷ್ಟು ಕಡಿಮೆ, 16.97. 24ನ್ನು 17ರಿಂದ ಭಾಗಿಸಿದರೆ 1.41 ಬರುತ್ತದೆ. ಅದೇ √2. ಪ್ರಶ್ನೆ ಬದಿಯ ಬಗ್ಗೆ ಇದ್ದಿದ್ದರೆ ನಿಮ್ಮ ಉತ್ತರಕ್ಕೆ ಪೂರ್ತಿ ಅಂಕ. ಕೇಳಿದ್ದು ವಿಸ್ತೀರ್ಣ, ಹಾಗಾಗಿ ಅದನ್ನು ಅದರಿಂದಲೇ ಗುಣಿಸಬೇಕು: √2 × √2 = 2. ಟೇಪಿನ ಅಂಕಿಗಳಲ್ಲೇ ನೋಡಿದರೆ 24 × 24 ಅಂದರೆ 576, 17 × 17 ಅಂದರೆ 289. ಎರಡರಷ್ಟಕ್ಕೆ ಎರಡೇ ಎರಡು ಚದರ ಇಂಚು ಕಮ್ಮಿ. ಆ ವ್ಯತ್ಯಾಸ ಬಂದದ್ದು ನಾವು 16.97ನ್ನು 17 ಅಂತ ಓದಿದ್ದಕ್ಕೆ.

π/2 ಯಾವುದು ಅಂತ ಮೇಲೆ ಬಂತು. ಅದು ವೃತ್ತಕ್ಕೂ ಒಳಚೌಕಕ್ಕೂ ಇರುವ ಅನುಪಾತ. ಅರ್ಧ ದಾರಿಗೆ ನಿಂತವರು ಇದನ್ನು ಬರೆಯುತ್ತಾರೆ.

4 ಸ್ವಲ್ಪ ಬಿಡಿಸಿ ಹೇಳಬೇಕಾದದ್ದು, ಯಾಕೆಂದರೆ ಮಗಳು ಬರೆದದ್ದು ಅದು. ನಾಲ್ಕು ಪಟ್ಟು ಅಂದರೆ ಒಳಚೌಕದ ಬದಿ ಹೊರಗಿನದರ ಅರ್ಧ, 12 ಇಂಚು ಇರಬೇಕು. ಸಾಮಾನ್ಯವಾಗಿ ಇದು ಬರುವುದು ತ್ರಿಜ್ಯವನ್ನೇ ಒಳಚೌಕದ ಬದಿ ಅಂದುಕೊಂಡಾಗ. ಬೈಯುವುದಕ್ಕಿಂತ ಆ 12 ಇಂಚಿನ ಚೌಕವನ್ನು ನೆಲದ ಮೇಲೆ, ನಡು ತಪ್ಪದ ಹಾಗೆ, ಅವಳ ಕೈಯಿಂದಲೇ ಬರೆಸಿ. ಆಮೇಲೆ ನಡುವಿನಿಂದ ಅದರ ಮೂಲೆಗೆ ಟೇಪು ಹಿಡಿಯಲಿ. ಎಂಟೂವರೆ ಇಂಚು ಬರುತ್ತದೆ. ವೃತ್ತ ಇರುವುದು 12 ಇಂಚು ದೂರದಲ್ಲಿ. ಮೂಲೆಗೂ ವೃತ್ತಕ್ಕೂ ನಡುವೆ ಮೂರೂವರೆ ಇಂಚು ಖಾಲಿ ಜಾಗ. ಮೂಲೆಗಳು ವೃತ್ತವನ್ನು ಮುಟ್ಟಬೇಕು ಅಂತ ಪ್ರಶ್ನೆಯಲ್ಲಿ ಇದೆ, ಇವು ಮುಟ್ಟಿಲ್ಲ.

ಇಲ್ಲೇ ಒಂದು ಚೆಂದದ ಸಂಗತಿ ಇದೆ. 17 ಇಂಚಿನ ಒಳಚೌಕದೊಳಗೆ, ಅದರ ನಾಲ್ಕೂ ಬದಿ ಮುಟ್ಟುವ ಹಾಗೆ ಇನ್ನೊಂದು ವೃತ್ತ ಬರೆಸಿ. ಅದರ ತ್ರಿಜ್ಯ 17ರ ಅರ್ಧ, ಎಂಟೂವರೆ ಇಂಚು. ಮಗಳ ಚೌಕದ ನಾಲ್ಕೂ ಮೂಲೆಗಳು ಸರಿಯಾಗಿ ಆ ವೃತ್ತದ ಮೇಲೆ ಬಂದು ಕೂರುತ್ತವೆ! ಅವಳು ಬರೆದ ಚೌಕ ಇದೇ ಸಾಲಿನ ಮೂರನೆಯ ಚೌಕ. ಮೊದಲನೆಯದು 4 ಚದರ ಅಡಿ, ಎರಡನೆಯದು 2, ಮೂರನೆಯದು 1. ಬದಿಗಳು 24, ಸುಮಾರು 17, 12. ಪ್ರತಿ ಸಲ ಒಂದು ವೃತ್ತ ದಾಟಿದಾಗ ವಿಸ್ತೀರ್ಣ ಅರ್ಧವಾಗುತ್ತದೆ. ಎರಡು ವೃತ್ತ ದಾಟಿದರೆ ಕಾಲು. 4 ಅನ್ನುವ ಉತ್ತರಕ್ಕೆ ಎರಡು ವೃತ್ತ ಬೇಕಿತ್ತು, ಚಿತ್ರದಲ್ಲಿ ಇದ್ದದ್ದು ಒಂದು.

ಚೌಕದ ಕರ್ಣವನ್ನು ಬದಿಯಾಗಿ ಇಟ್ಟು ಹೊಸ ಚೌಕ ಕಟ್ಟಿದರೆ ಅದು ಹಳೆಯದರ ಎರಡರಷ್ಟಾಗುತ್ತದೆ ಅನ್ನುವುದು ನಮ್ಮ ದೇಶದಲ್ಲಿ ಬಹಳ ಹಳೆಯ ತಿಳಿವಳಿಕೆ. ಯಜ್ಞವೇದಿಗಳನ್ನು ಹಗ್ಗ ಹಿಡಿದು ಅಳೆಯುವ ಬೌಧಾಯನ ಶುಲ್ಬಸೂತ್ರದಲ್ಲಿ ಇದು ನೇರವಾಗಿ ಹೇಳಿದೆ. ನಿಮ್ಮ ಕ್ವಿಜ್ ಪ್ರಶ್ನೆಯೂ ಅದೇ: ಒಳಚೌಕದ ಕರ್ಣದ ಉದ್ದವೇ ಹೊರಚೌಕದ ಬದಿ.

ವೃತ್ತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕ್ವಿಜ್‌ನಲ್ಲಿ ಮುಂದಿನ ಪ್ರಶ್ನೆ ಅದರದ್ದೇ ಬರಬಹುದು. ಹೊರಗೆ 4, ಒಳಗೆ 2, ವೃತ್ತ ನಡುವೆ ಇದೆ, ಹಾಗಾಗಿ 3 ಅಂತ ಹಲವರು ಊಹಿಸುತ್ತಾರೆ. ವೃತ್ತ 3.14, ನಡುವಿನಿಂದ ಸ್ವಲ್ಪ ಹೊರಚೌಕದ ಕಡೆಗೇ ವಾಲಿದೆ. ಚಿತ್ರದಲ್ಲಿ ನಾಲ್ಕು ಮೂಲೆಯ ತುಣುಕುಗಳು ದೊಡ್ಡದಾಗಿ ಕಾಣುತ್ತವೆ, ಒಳಚೌಕದ ನಾಲ್ಕು ಬದಿಗೆ ಇರುವ ಬಾಗಿದ ತುಣುಕುಗಳು ತೆಳ್ಳಗೆ ಕಾಣುತ್ತವೆ. ಲೆಕ್ಕ ಬೇರೆಯೇ ಹೇಳುತ್ತದೆ. ಮೂಲೆಯವು ನಾಲ್ಕೂ ಸೇರಿ 4 − 3.14 = 0.86 ಚದರ ಅಡಿ. ಬಾಗಿದವು ನಾಲ್ಕೂ ಸೇರಿ 3.14 − 2 = 1.14. ತೆಳ್ಳಗಿದ್ದರೂ ಅವು ಉದ್ದ ಜಾಸ್ತಿ. ನಮ್ಮ ಗೌಂಡಿಗಳು, ಬಡಿಗರು ಇದನ್ನು ಕೆಲಸದಲ್ಲೇ ನೋಡಿರುತ್ತಾರೆ. ಚೌಕ ಹಲಗೆಯಿಂದ ಗುಂಡನೆಯ ಮೇಜು ಕೊರೆದರೆ ನೂರಕ್ಕೆ ಸುಮಾರು 21 ಭಾಗ ಹೋಗುತ್ತದೆ. ಗುಂಡು ದಿಮ್ಮಿಯಿಂದ ಚೌಕ ತೊಲೆ ತೆಗೆದರೆ ನೂರಕ್ಕೆ 36 ಭಾಗ ಹೋಗುತ್ತದೆ, ಅದೂ ದಿಮ್ಮಿ ನೆಟ್ಟಗೆ, ಎಲ್ಲ ಕಡೆ ಒಂದೇ ಗಾತ್ರ ಇದ್ದರೆ, ಗರಗಸ ತಿನ್ನುವುದನ್ನು ಬಿಟ್ಟು.

ಇದೇ ಚಿತ್ರ ಇನ್ನೊಂದು ವಿಷಯವನ್ನೂ ಹೇಳುತ್ತದೆ. ವೃತ್ತ ಎರಡು ಚೌಕಗಳ ನಡುವೆ ಸಿಕ್ಕಿಕೊಂಡಿರುವುದರಿಂದ π ಅನ್ನುವುದು 2ಕ್ಕಿಂತ ದೊಡ್ಡದು, 4ಕ್ಕಿಂತ ಚಿಕ್ಕದು. π ಎಷ್ಟು ಅಂತ ಗೊತ್ತೇ ಇಲ್ಲದವರೂ ಇಷ್ಟನ್ನು ಖಚಿತವಾಗಿ ಹೇಳಬಹುದು. ಆರ್ಕಿಮಿಡೀಸ್ ಮಾಡಿದ್ದೂ ಇದೇ ದಾರಿಯ ಕೆಲಸ. ವೃತ್ತದ ಒಳಗೊಂದು, ಹೊರಗೊಂದು ಆಕೃತಿ ಇಟ್ಟು, ಅವುಗಳ ಬದಿಗಳನ್ನು 96ರವರೆಗೆ ಹೆಚ್ಚಿಸಿ, ಸುತ್ತಳತೆಗಳನ್ನು ಹೋಲಿಸಿ, π 3 10/71 ಮತ್ತು 3 1/7ರ ನಡುವೆ ಇದೆ ಅಂತ ತೋರಿಸಿದ.

ಇನ್ನು ಪ್ರಶ್ನೆಯ ಮಾತುಗಳನ್ನು ಓದುವ ಬಗ್ಗೆ. ನಿಮ್ಮ ಪ್ರಶ್ನೆಯಲ್ಲಿ "ನಾಲ್ಕೂ ಬದಿ ಮುಟ್ಟುವ", "ನಾಲ್ಕೂ ಮೂಲೆ ಮುಟ್ಟುವ" ಅಂತ ಸ್ಪಷ್ಟವಾಗಿದೆ. ಆ ಮಾತುಗಳಿಲ್ಲದೆ ಬರೀ "ಒಳಗೆ" ಅಂತಿದ್ದರೆ ಉತ್ತರವೇ ಇಲ್ಲ, ಏಕೆಂದರೆ ಒಳಚೌಕ ಎಷ್ಟು ಚಿಕ್ಕದೂ ಇರಬಹುದು. ಒಳಗಿನದು ಚೌಕವಲ್ಲದ ಆಯತವಾದರೂ 2 ಬರುವುದಿಲ್ಲ. ಅದೇ ವೃತ್ತದಲ್ಲಿ ಒಂದು ಅಡಿ ಅಗಲದ ಆಯತ ಕೂರಿಸಿದರೆ ಅದರ ಉದ್ದ ಸುಮಾರು 1.73 ಅಡಿ, ವಿಸ್ತೀರ್ಣವೂ 1.73 ಚದರ ಅಡಿ. ವೃತ್ತದೊಳಗೆ ಕೂರುವ ಆಯತಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚೌಕವೇ. ಪರೀಕ್ಷೆಯಲ್ಲಿ ಅನುಪಾತದ ದಿಕ್ಕನ್ನೂ ನೋಡಬೇಕು. "ಒಳಗಿನದು ಹೊರಗಿನದರ ಎಷ್ಟು ಭಾಗ" ಅಂತ ಕೇಳಿದರೆ ಉತ್ತರ 1/2.

ಮಗಳು ಇದನ್ನು ನಿಜವಾಗಿ ಹಿಡಿದಳೋ, ಬರೀ 2 ಅಂತ ಬಾಯಿಪಾಠ ಮಾಡಿಕೊಂಡಳೋ ಅಂತ ತಿಳಿಯಬೇಕಾದರೆ ಚೌಕದ ಬದಲು ತ್ರಿಕೋನ ಕೊಡಿ. ಮೂರೂ ಬದಿ ಸಮ ಇರುವ ತ್ರಿಕೋನ, ಅದರೊಳಗೆ ಮೂರೂ ಬದಿ ಮುಟ್ಟುವ ವೃತ್ತ, ವೃತ್ತದೊಳಗೆ ಅಂಥದ್ದೇ ಚಿಕ್ಕ ತ್ರಿಕೋನ. ಇಲ್ಲೂ ವೃತ್ತ ಬದಿಗಳನ್ನು ನಡುವಿನಲ್ಲೇ ಮುಟ್ಟುತ್ತದೆ. ಆ ಮೂರು ಚುಕ್ಕೆಗಳನ್ನು ಸೇರಿಸಿದರೆ ತಲೆಕೆಳಗಾದ ಚಿಕ್ಕ ತ್ರಿಕೋನ ಸಿಗುತ್ತದೆ, ಅದೇ ಒಳಗಿನದು. ಕಾಗದದ ತ್ರಿಕೋನ ಕತ್ತರಿಸಿ ಮೂರು ಮೂಲೆಗಳನ್ನೂ ಆ ಗೆರೆಗಳ ಮೇಲೆ ಒಳಗೆ ಮಡಚಲಿ. ಪ್ರತಿ ಮೂಲೆಯೂ ನಡುವಿನ ತ್ರಿಕೋನವನ್ನು ಪೂರ್ತಿ ಮುಚ್ಚುತ್ತದೆ. ಚೌಕದ ಕಾಗದದಲ್ಲಿ ಎರಡು ಪದರ ಬಂದಿತ್ತು. ಇಲ್ಲಿ ಎಷ್ಟು ಪದರ ಬಂತು ಅಂತ ಅವಳೇ ಎಣಿಸಲಿ: ಕೆಳಗಿನದು ಒಂದು, ಮೇಲೆ ಮಡಚಿದವು ಮೂರು. ಅವಳು ಕ್ವಿಜ್‌ನಲ್ಲಿ ಬರೆದ 4 ತ್ರಿಕೋನಕ್ಕೆ ಸರಿಯಾದ ಉತ್ತರ.